ತಿರುಗುವ ನಾಣ್ಯದ ಒಲವನ್ನು ಲೆಕ್ಕ ಹಾಕುವ ಬಗೆ

ರಾಯಚೂರಿನ ಹಳೆಯ ಮನೆಗಳಲ್ಲಿರುವ ಶಹಾಬಾದ್ ಕಲ್ಲಿನ ನೆಲವು ನಾಣ್ಯವನ್ನು ಬುಗುರಿಯಂತೆ ತಿರುಗಿಸಲು ತಕ್ಕ ಜಾಗ. ಮೇಲಕ್ಕೆ ಚಿಮ್ಮಿ ಅಂಗೈಯಲ್ಲಿ ಹಿಡಿದ ನಾಣ್ಯವು ಹೆಚ್ಚುಕಡಿಮೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ. ಅಂಚಿನ ಮೇಲೆ ನಿಲ್ಲಿಸಿ ತಿರುಗಿಸಿದಾಗ ಸವೆದ ಅಂಚು ಒಂದು ಬದಿಗೆ ಒಲಿಯಬಹುದು. ಸಿಂಹದ ಬದಿಯನ್ನು ಹೆಡ್ ಎಂದೂ, ಅದು ಬೀಳುವ ಸಂಭವನೀಯತೆಯನ್ನು p ಎಂದೂ ಕರೆಯೋಣ.

ಮೊದಲು, ತಿರುಗಿಸುವುದಕ್ಕೆ ಮುಂಚಿನ ನಂಬಿಕೆಯನ್ನು ಬರೆದಿಡಬೇಕು. 0 ಮತ್ತು 1ರ ನಡುವಿನ ಯಾವ p ಆದರೂ ಸಮಾನವಾಗಿ ನಂಬಲರ್ಹ ಎಂದರೆ ನಂಬಿಕೆಯ ನಕ್ಷೆ 1ರ ಎತ್ತರದ ಸಮತಟ್ಟು ಗೆರೆಯಾಗುತ್ತದೆ. ಇದು 0.99 ಮತ್ತು 0.5ನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ನನ್ನ ಮಟ್ಟಿಗೆ ಇದು ತುಸು ಅತಿಯಾದ ಔದಾರ್ಯ, ಆದರೂ ಆರಂಭಕ್ಕೆ ಸಾಕು.

ನಂತರ ನಾಣ್ಯವನ್ನು ತಿರುಗಿಸುತ್ತ, ಪ್ರತಿ ಹೆಡ್‌ಗೆ ಗೆರೆಯ ಎತ್ತರವನ್ನು p ಇಂದ, ಪ್ರತಿ ಟೇಲ್‌ಗೆ 1−p ಇಂದ ಗುಣಿಸಿ, ಕೆಳಗಿನ ವಿಸ್ತೀರ್ಣ ಮತ್ತೆ 1 ಆಗುವಂತೆ ಸರಿಪಡಿಸಬೇಕು. ಮೊದಲು ಹೆಡ್ ಬಿದ್ದರೆ ಸಮತಟ್ಟು ಗೆರೆ 2p ಎಂಬ ಏರುಗೆರೆಯಾಗುತ್ತದೆ. ಹೆಡ್ ಬೀಳುವುದೇ ಇಲ್ಲ ಎಂಬ ಸಾಧ್ಯತೆ ಅಲ್ಲಿಗೇ ಮುಗಿಯಿತು. ಮರುಬಾರಿ ಟೇಲ್ ಬಿದ್ದರೆ ಅದು 6p(1−p), ಅಂದರೆ ಎರಡು ತುದಿಗಳಲ್ಲೂ ನೆಲ ಮುಟ್ಟುವ ಗುಡ್ಡ. ಹೆಡ್, ಟೇಲ್‌ಗಳ ಕ್ರಮ ಬದಲಾದರೂ ಕೊನೆಯ ಗುಡ್ಡ ಬದಲಾಗದು.

ಹತ್ತು ಸಲ ತಿರುಗಿಸಿ 7 ಹೆಡ್, 3 ಟೇಲ್ ಬಂದವೆಂದುಕೊಳ್ಳಿ. ಆಗ ಗೆರೆಯು 1320 p⁷(1−p)³ ಆಗುತ್ತದೆ. ಇದೇ ಬೀಟಾ ವಿತರಣೆ, Beta(8, 4). ಹೆಚ್ಚಿನವರು ಎಡವುವುದು ಇಲ್ಲಿಯೇ: ಎಣಿಕೆಗಳನ್ನು ಹಾಗೆಯೇ ತುಂಬಿ Beta(7, 3) ಎಂದು ಬರೆಯುತ್ತಾರೆ. ಬೀಟಾದ ವ್ಯಾಖ್ಯೆಯಲ್ಲಿ ಘಾತಾಂಕವು ಆಯಾ ಸಂಖ್ಯೆಗಿಂತ ಒಂದು ಕಡಿಮೆ ಇರುವುದರಿಂದ ಸಮತಟ್ಟು ಗೆರೆಯೇ Beta(1, 1), ಎಣಿಕೆಗಳು ಅದರ ಮೇಲೆ ಕೂಡುತ್ತವೆ. ಅನುಮಾನ ಬಂದರೆ ಎರಡೂ ಎಣಿಕೆಗಳನ್ನು ಸೊನ್ನೆ ಮಾಡಿ ನೋಡಿ. ಸಮತಟ್ಟು ಗೆರೆ ಮರಳಿ ಬರದಿದ್ದರೆ ಲೆಕ್ಕ ತಪ್ಪಿದೆ.

ಗುಡ್ಡದ ತುದಿ 0.7ರಲ್ಲಿದೆ, ಸರಾಸರಿ ಮಾತ್ರ 8/12, ಸುಮಾರು 0.67; ಮುಂದಿನ ಸುತ್ತಿನಲ್ಲಿ ಹೆಡ್ ಬೀಳುವ ಸಂಭವನೀಯತೆ ಈ ಸರಾಸರಿಯೇ. ಅರ್ಧಕ್ಕಿಂತ ಮೇಲಿರುವ ವಿಸ್ತೀರ್ಣ 0.887. ಹಾಗಾಗಿ ನಾಣ್ಯ ಹೆಡ್ ಕಡೆಗೆ ಒಲಿದಿಲ್ಲ ಎಂಬುದಕ್ಕೆ ಇನ್ನೂ ಒಂಬತ್ತರಲ್ಲಿ ಸುಮಾರು ಒಂದು ಪಾಲು ಜಾಗವಿದೆ. ನೂರು ಸುತ್ತಿನಲ್ಲಿ 70 ಹೆಡ್ ಬಂದಿದ್ದರೆ ತುದಿ ಅಲ್ಲೇ ನಿಂತು, ಗುಡ್ಡದ ಹರವು, ಅಂದರೆ ಮಾನಕ ವಿಚಲನೆ, 0.13ರಿಂದ 0.045ಕ್ಕೆ ಇಳಿಯುತ್ತಿತ್ತು.

ಕಲ್ಲುಗಳ ನಡುವಿನ ಸಂದಿಗೆ ಸಿಕ್ಕಿ ನಾಣ್ಯ ನಿಂತಾಗ ಆ ಸುತ್ತನ್ನು ಬಿಟ್ಟುಬಿಡುವ ಅಭ್ಯಾಸವಿದ್ದರೆ ಎಚ್ಚರಿಕೆ ಬೇಕು. ಒಂದೇ ಬದಿಗೆ ಬೀಳಬೇಕಿದ್ದ ಸುತ್ತುಗಳೇ ಹೆಚ್ಚಾಗಿ ಸಂದಿಗೆ ಸಿಕ್ಕುತ್ತಿದ್ದರೆ ಉಳಿದ ಎಣಿಕೆ ಬೇರೆಯೇ p ಅನ್ನು ಅಳೆಯುತ್ತದೆ, ಮತ್ತು ಬರೀ ಹೆಡ್, ಟೇಲ್‌ಗಳ ಒಟ್ಟು ಸಂಖ್ಯೆಯನ್ನು ನೋಡುವ ಬೀಟಾಕ್ಕೆ ಅದು ತಿಳಿಯುವುದಿಲ್ಲ. ಆದ್ದರಿಂದ ಬಿಟ್ಟ ಸುತ್ತುಗಳನ್ನೂ ಸೇರಿಸಿ ಫಲಿತಾಂಶಗಳನ್ನು ಬಂದ ಕ್ರಮದಲ್ಲೇ ಬರೆದುಕೊಂಡು, ಮೊದಲರ್ಧ ಮತ್ತು ಕೊನೆಯರ್ಧದ ಗುಡ್ಡಗಳನ್ನು ಬೇರೆ ಬೇರೆ ಎಳೆದು ನೋಡಬೇಕು. ಅವೆರಡೂ ಒಂದನ್ನೊಂದು ಮುಟ್ಟದಷ್ಟು ದೂರ ನಿಂತರೆ ನಡುವೆ ನೆಲವೋ ತಿರುಗಿಸಿದ ಕೈಯೋ ಬದಲಾಗಿರುವ ಸಂಭವವಿದೆ.