ಹಬ್ಬದ ಮಾರನೇ ಬೆಳಿಗ್ಗೆಯ ಲೆಕ್ಕ

ನಮ್ಮದು 20 ರೂಮಿನ ಹೋಟೆಲ್. ರೂಮ್ ಕ್ಲೀನಿಂಗಿಗೆ ಕಾಯಂ ಆಗಿ ಇರುವುದು ಇಬ್ಬರು. ಹಬ್ಬದ ಸೀಸನ್ನಿಗೆ ಎಷ್ಟು ಜನ ಜಾಸ್ತಿ ಬೇಕು ಎಂದು ತೀರ್ಮಾನಿಸುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ರೂಮ್ ಬುಕಿಂಗ್ ಮೇಲೆ. ನಾನು ನೋಡುವುದು ಮಾರನೇ ದಿನದ ಚೆಕ್‌ಔಟ್ ಪಟ್ಟಿಯನ್ನು.

ಹಬ್ಬದ ದಿನ 20 ರೂಮೂ ತುಂಬಿದ್ದರೂ ಕ್ಲೀನಿಂಗಿನವರಿಗೆ ಅದು ಅಂಥಾ ಭಾರದ ದಿನವಲ್ಲ. ಅತಿಥಿ ಇನ್ನೂ ಉಳಿದಿರುವ ರೂಮಿನಲ್ಲಿ ಕಸ ತೆಗೆದು, ಹಾಸಿಗೆ ಸರಿಮಾಡಿ, ಟವೆಲ್ ಬದಲಿಸಿ, ಬಾತ್‌ರೂಮ್ ಒರೆಸಲು ಸುಮಾರು 20 ನಿಮಿಷ ಸಾಕು. ಕೆಲವರು ಬಾಗಿಲೇ ತೆಗೆಯುವುದಿಲ್ಲ. ಖಾಲಿಯಾದ ರೂಮಿನ ಕಥೆ ಬೇರೆ. ಬೆಡ್‌ಶೀಟ್, ದಿಂಬಿನ ಕವರ್ ಎಲ್ಲ ಕಿತ್ತು, ಬಾತ್‌ರೂಮ್ ಉಜ್ಜಿ ತೊಳೆದು, ಮಂಚದ ಕೆಳಗೂ ಗುಡಿಸಿ, ಹೊಸದಾಗಿ ಹಾಸಿ ಮುಗಿಸಲು ನಮ್ಮಲ್ಲಿ 40 ನಿಮಿಷ ಬೇಕು. ಹಾಗಾಗಿ ನಿಜವಾದ ಒತ್ತಡ ಬೀಳುವುದು ಹಬ್ಬ ಮುಗಿದ ಬೆಳಿಗ್ಗೆ.

ಒಂದು ದಿನದ ಲೆಕ್ಕ ಹೇಳುತ್ತೇನೆ. 18 ರೂಮ್ ಖಾಲಿಯಾಗಬೇಕು, ಅದೇ ದಿನ ಆ 18 ರೂಮಿಗೂ ಹೊಸಬರು ಬರಬೇಕು. 18 ರೂಮಿಗೆ 40 ನಿಮಿಷದಂತೆ 12 ಗಂಟೆ ಕೆಲಸ. ಇಬ್ಬರು ಆರಾರು ಗಂಟೆ ಮಾಡಿದರೆ ಮುಗಿಯಿತಲ್ವಾ? ಕಾಗದದ ಮೇಲೆ ಮುಗಿಯಿತು. ಆದರೆ ಚೆಕ್‌ಔಟ್ 11 ಗಂಟೆಗೆ, ಚೆಕ್‌ಇನ್ 2 ಗಂಟೆಗೆ. ನಡುವೆ ಸಿಗುವುದು 3 ಗಂಟೆ. ಅಷ್ಟರಲ್ಲಿ ಒಬ್ಬರು 4 ರೂಮ್ ಮುಗಿಸಬಹುದು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಎಲ್ಲರೂ 11ಕ್ಕೇ ಹೊರಟರೆ 5 ಜನ ಬೇಕು. ಆ 3 ಗಂಟೆಗೋಸ್ಕರ 3 ಜನರನ್ನು ಹೊರಗಿನಿಂದ ಕರೆಸುವುದು ಚಿಕ್ಕ ಹೋಟೆಲಿಗೆ ಭಾರ. ಬಂದವರಿಗೆ ನಮ್ಮ ಕೆಲಸದ ಕ್ರಮವೂ ಗೊತ್ತಿರುವುದಿಲ್ಲ.

ಅದಕ್ಕೆ ನಾವು ಹಿಂದಿನ ಸಂಜೆಯೇ ಪ್ರತಿ ರೂಮಿಗೂ ಫೋನ್ ಮಾಡುತ್ತೇವೆ. "ನಾಳೆ ಎಷ್ಟು ಗಂಟೆಗೆ ಹೊರಡ್ತೀರಿ ಸರ್? ಗಾಡಿ ಏನಾದ್ರೂ ಹೇಳಬೇಕಾ?" ಗಾಡಿಯ ಮಾತು ಸೇರಿಸಿದರೆ ಜನ ಸರಿಯಾದ ಸಮಯ ಹೇಳುತ್ತಾರೆ. ಬರೀ ಸಮಯ ಕೇಳಿದರೆ ಓಡಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಈ ಲೆಕ್ಕದ ದಿನ 6 ರೂಮಿನವರು 8 ಗಂಟೆಯೊಳಗೆ ಹೊರಡುವವರು. ನಮ್ಮ ಇಬ್ಬರೂ 8ಕ್ಕೆ ಶುರು ಮಾಡಿ 10ರ ಹೊತ್ತಿಗೆ ಆ 6 ಮುಗಿಸುತ್ತಾರೆ. ಮುಂದಿನ ಒಂದು ಗಂಟೆ ತಿಂಡಿಗೆ, ಟ್ರಾಲಿ ತುಂಬಿಸುವುದಕ್ಕೆ. ಉಳಿದದ್ದು 12 ರೂಮ್.

ಇಲ್ಲಿ ಹೊರಗಿನಿಂದ ಒಬ್ಬ ಸಹಾಯಕ ಸಾಕು, ಆದರೆ ಅವನಿಗೆ ಪೂರ್ತಿ ರೂಮ್ ಒಪ್ಪಿಸುವುದಿಲ್ಲ. ಹೊಸಬರು ಮಾಡಿದ ರೂಮಿನಲ್ಲಿ ಬಾತ್‌ರೂಮಿನ ಮೂಲೆಯಲ್ಲಿ ಕೂದಲು ಉಳಿದಿರುತ್ತದೆ, ಶೀಟಿನ ಮೂಲೆ ಸಡಿಲ ಇರುತ್ತದೆ. ಮತ್ತೆ ಮಾಡಿಸುವುದರಲ್ಲಿ ಉಳಿಸಿದ ಸಮಯವೆಲ್ಲ ಹೋಗುತ್ತದೆ. ಸಹಾಯಕನ ಕೆಲಸ ಇಷ್ಟೇ: ರೂಮ್ ಖಾಲಿಯಾದ ತಕ್ಷಣ ಹೋಗಿ ಶೀಟು, ಟವೆಲ್ ಕಿತ್ತು ಚೀಲಕ್ಕೆ ಹಾಕುವುದು, ಕಸ ತೆಗೆಯುವುದು, ಕಿಟಕಿ ತೆರೆಯುವುದು, ಬೇಕಾದಷ್ಟು ಹೊಸ ಬಟ್ಟೆ ತಂದು ಕುರ್ಚಿ ಮೇಲಿಡುವುದು. ಇದು ರೂಮಿಗೆ 10 ನಿಮಿಷದ ಕೆಲಸ, ಅರ್ಧ ಗಂಟೆಯಲ್ಲಿ ಕಲಿಯಬಹುದು. ಹಿಂದೆ ಬರುವ ನಮ್ಮವರಿಗೆ ಆಗ ರೂಮಿಗೆ 30 ನಿಮಿಷ ಸಾಕು. 3 ಗಂಟೆಯಲ್ಲಿ ಒಬ್ಬೊಬ್ಬರು 6 ರೂಮ್, ಇಬ್ಬರು ಸೇರಿ 12. ಅತಿಥಿಗಳು ಇನ್ನೂ ಉಳಿದುಕೊಂಡಿರುವ 2 ರೂಮನ್ನು 2 ಗಂಟೆಯ ಮೇಲೆ ನೋಡಿದರಾಯಿತು.

ಈ ಲೆಕ್ಕದಲ್ಲಿ ಸಂದು ಕಡಿಮೆ, ಒಪ್ಪುತ್ತೇನೆ. ಒಬ್ಬ ಅತಿಥಿ 12ರವರೆಗೆ ಇರುತ್ತೇನೆ ಎಂದರೂ ಜಾರುತ್ತದೆ. ಅದಕ್ಕೇ 12:30ಕ್ಕೆ ನಾನು ಪಟ್ಟಿ ನೋಡುತ್ತೇನೆ. ಆ ಹೊತ್ತಿಗೆ 12 ರೂಮಿನಲ್ಲಿ 6 ರೆಡಿ ಆಗಿರದಿದ್ದರೆ ನಾನೇ ಮೇಲೆ ಹೋಗಿ ದಿಂಬಿಗೆ ಕವರ್ ಹಾಕುತ್ತೇನೆ. ಬೇಗ ಬರುತ್ತೇವೆ ಎಂದು ಹೇಳಿದವರ ರೂಮ್ ಯಾವುದೋ ಅದನ್ನೇ ಮೊದಲು ಮಾಡಿಸುತ್ತೇನೆ.

ಸಾಮಾನಿನ ವಿಷಯಕ್ಕೆ ಬಂದರೆ, ರೂಮ್ ಲೆಕ್ಕದಲ್ಲಿ ತರಿಸುವುದು ಹಬ್ಬದಲ್ಲಿ ಕೈಕೊಡುತ್ತದೆ. ಮಾಮೂಲಿ ದಿನ 20 ರೂಮಿನಲ್ಲಿ ಸುಮಾರು 30 ಜನ ಇರುತ್ತಾರೆ, ಕೆಲಸದ ಮೇಲೆ ಬಂದವರೇ ಜಾಸ್ತಿ. ಹಬ್ಬಕ್ಕೆ ಕುಟುಂಬಗಳು ಬರುತ್ತವೆ, ಅದೇ 20 ರೂಮಿನಲ್ಲಿ 60 ಜನ. ಶೀಟು ಮಂಚದ ಲೆಕ್ಕ, ಟವೆಲ್ ತಲೆ ಲೆಕ್ಕ. ಹಾಗಾಗಿ ಮೊದಲು ಮುಗಿಯುವುದು ಟವೆಲ್. ಆಮೇಲೆ ಸೋಪು, ನೀರಿನ ಬಾಟಲಿ, ಹೆಚ್ಚುವರಿ ಹಾಸಿಗೆಯ ಹೊದಿಕೆ. ಬುಕಿಂಗ್ ತಗೊಳ್ಳುವಾಗಲೇ ಮಕ್ಕಳೂ ಸೇರಿ ಎಷ್ಟು ಜನ ಎಂದು ಕೇಳಿ ಬರೆದುಕೊಳ್ಳುವುದನ್ನು ಕೌಂಟರಿನವರಿಗೆ ಕಡ್ಡಾಯ ಮಾಡಿದ್ದೇನೆ. ತಿಂಡಿಯ ಸಾಮಾನೂ ಅದೇ ಸಂಖ್ಯೆಯ ಮೇಲೆ.

ಬಟ್ಟೆಯ ಸೆಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಮಂಚಕ್ಕೆ 3 ಸೆಟ್ ಇಟ್ಟುಕೊಳ್ಳುತ್ತೇವೆ: ಒಂದು ಹಾಸಿದ್ದು, ಒಂದು ಲಾಂಡ್ರಿಯಲ್ಲಿ, ಒಂದು ಕಪಾಟಿನಲ್ಲಿ. ಲಾಂಡ್ರಿಯವರು ಮಾರನೇ ದಿನ ವಾಪಸ್ ಕೊಡುವವರೆಗೆ ಇದು ಸರಿ. ಹಬ್ಬದಲ್ಲಿ ಸುತ್ತಲಿನ ಹೋಟೆಲುಗಳೆಲ್ಲ ಒಟ್ಟಿಗೆ ಬಟ್ಟೆ ಕಳಿಸುತ್ತವೆ, ವಾಪಸ್ ಬರಲು 2 ದಿನ ಆಗುತ್ತದೆ. ಆಗ ಲಾಂಡ್ರಿಯಲ್ಲೇ 2 ಸೆಟ್ ಸಿಕ್ಕಿಕೊಂಡಿರುತ್ತದೆ, ಕಪಾಟು ಖಾಲಿ. 4ನೇ ಸೆಟ್ ಬೇಕೇಬೇಕು. ಕೆಲವೇ ದಿನಕ್ಕೆ 20 ಸೆಟ್ ಕೊಳ್ಳಲು ನನಗೆ ಮನಸ್ಸಿಲ್ಲ. ಶೀಟುಗಳನ್ನು ಹೊಸದಾಗಿ ತರಿಸುವುದನ್ನು ಹಬ್ಬದ ಮುಂಚೆಗೆ ಇಟ್ಟುಕೊಂಡಿದ್ದೇನೆ. ಆಗ ಹಳತನ್ನು ತಕ್ಷಣ ಎಸೆಯುವುದಿಲ್ಲ, ಹರಿದಿರದ, ಕಲೆ ಇರದ ಸೆಟ್ಟುಗಳು ಆ ವಾರಗಳಿಗೆ 4ನೇ ಸೆಟ್ ಆಗುತ್ತವೆ. ಟವೆಲ್ ಮಾತ್ರ ನಮ್ಮಲ್ಲೇ ಒಗೆಯುತ್ತೇವೆ, ಇಸ್ತ್ರಿ ಬೇಡವಲ್ಲ.

ಕೆಡದ ಸಾಮಾನನ್ನು 3 ವಾರ ಮೊದಲೇ ತರಿಸುತ್ತೇನೆ. ಕೆಡುವ ಸಾಮಾನಿಗೆ ಹಿಂದಿನ ರಾತ್ರಿಯ ತಲೆ ಎಣಿಕೆಯೇ ಆಧಾರ. ಹೋದ ವರ್ಷದ ಪುಸ್ತಕ ನೋಡುವಾಗ ಅದೇ ತಾರೀಖಿನ ಪುಟ ತೆಗೆದರೆ ಪ್ರಯೋಜನವಿಲ್ಲ. ಚಾಂದ್ರಮಾನದ ಹಬ್ಬಗಳು ಪ್ರತಿ ವರ್ಷ ಸರಿಯುತ್ತವೆ. ಹಬ್ಬ ಯಾವ ವಾರ ಬಿದ್ದಿದೆ ಎಂದೂ ನೋಡಬೇಕು. ಭಾನುವಾರಕ್ಕೆ ಅಂಟಿಕೊಂಡಿದ್ದರೆ ಜನ 2-3 ರಾತ್ರಿ ಉಳಿಯುತ್ತಾರೆ, ಚೆಕ್‌ಔಟ್ ಕಡಿಮೆ. ವಾರದ ನಡುವೆ ಬಿದ್ದರೆ ಒಂದೇ ರಾತ್ರಿ, ಕ್ಲೀನಿಂಗ್ ದುಪ್ಪಟ್ಟು.

ಖಾಲಿ ವಾರಗಳಲ್ಲಿ ಜನ ಕಡಿಮೆ ಮಾಡಲು ಒಂದು ಮಿತಿಯಿದೆ. ಅದು ಕೌಂಟರ್. ದಿನಕ್ಕೆ 3 ಪಾಳಿ, ವಾರಕ್ಕೆ 21. ಒಬ್ಬರು 6 ಪಾಳಿ ಮಾಡಿದರೆ ಮೂರೂವರೆ ಜನ ಬೇಕು. ಒಂದೇ ರೂಮ್ ತುಂಬಿದ್ದರೂ ಅಷ್ಟೇ. ನಾನು 3 ಜನರನ್ನು ಇಟ್ಟುಕೊಂಡು, ಉಳಿದ ಪಾಳಿಗಳಿಗೆ ಕ್ಲೀನಿಂಗಿನವರಲ್ಲಿ ಒಬ್ಬರಿಗೆ ಬುಕಿಂಗ್ ರಿಜಿಸ್ಟರ್ ಕಲಿಸಿದ್ದೇನೆ. ಹಬ್ಬದಲ್ಲಿ ಬಿಟ್ಟ ವಾರದ ರಜೆಗಳನ್ನೂ ಈಗಲೇ ಕೊಟ್ಟು ಮುಗಿಸುತ್ತೇನೆ. ತಿಂಗಳು ದಾಟಿದರೆ ಮುಂದಿನ ಸೀಸನ್ ಬಂದುಬಿಡುತ್ತದೆ, ಮುನಿಸು ಶುರುವಾಗುತ್ತದೆ.

ಬಂದ ಅತಿಥಿಗಳಿಗೆಲ್ಲ ಕೆಳಗಿನ ಮಹಡಿಯ ರೂಮನ್ನೇ ಕೊಟ್ಟು ಮೇಲಿನ ಮಹಡಿ ಮುಚ್ಚುತ್ತೇವೆ. ಮುಚ್ಚಿದ್ದೇವೆ ಎಂದು ಸುಮ್ನೆ ಬಿಡುವ ಹಾಗಿಲ್ಲ. ವಾರಕ್ಕೊಮ್ಮೆ ಪ್ರತಿ ರೂಮಿನ ನಲ್ಲಿ, ಶವರ್ ಎರಡನ್ನೂ ಕೆಲವು ನಿಮಿಷ ಬಿಡಬೇಕು. ಪೈಪಿನಲ್ಲಿ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಬಾತ್‌ರೂಮಿನ ನೆಲದ ಜಾಲರಿಗೂ ಒಂದು ಬಕೆಟ್ ನೀರು ಹಾಕಬೇಕು. ಅದರ ಕೆಳಗಿನ ಬಾಗಿದ ಪೈಪಿನಲ್ಲಿ ನಿಂತ ನೀರೇ ಚರಂಡಿ ವಾಸನೆಯನ್ನು ತಡೆಯುವುದು. ಅದು ಒಣಗಿದರೆ ಬಾಗಿಲು ತೆರೆದ ಕೂಡಲೇ ಮೂಗಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಇದು ಸೋಮವಾರದ ಕೆಲಸ, ಬಾಗಿಲ ಹಿಂದಿನ ಚೀಟಿಯಲ್ಲಿ ತಾರೀಖು ಹಾಕಿ ಸಹಿ ಮಾಡಿ ಬರಬೇಕು.