ಟೊಳ್ಳುಪಾಲು, ಬಿಡುಪಾಲು, ಉಳಿಪಾಲು: ಒಂದು ಥೀಸಿಸ್ ಅಧ್ಯಾಯ ಕನ್ನಡಕ್ಕೆ ಬಂದ ಕಥೆ

ಹೋದ ವರ್ಷ ಬೇಸಿಗೆಯಲ್ಲಿ ಪರಿಚಯದ ಸಂಶೋಧಕರೊಬ್ಬರು ತಮ್ಮ ಪಿಎಚ್‌ಡಿ ಥೀಸಿಸ್ ತಂದು ನನ್ನ ಮೇಜಿನ ಮೇಲಿಟ್ಟರು. ಬೀದರ್ ಸುತ್ತಲಿನ ಅಂತರ್ಜಲದ ಮೇಲೆ ಬರೆದದ್ದು, ಆರು ಅಧ್ಯಾಯ. ಕನ್ನಡದಲ್ಲಿ ಪುಸ್ತಕ ಆಗಬೇಕು, ಬಾವಿ ತೋಡಿಸುವವರಿಗೂ ತಿಳಿಯಬೇಕು, ಭೂವಿಜ್ಞಾನದ ಮೇಷ್ಟ್ರುಗಳೂ ಒಪ್ಪಬೇಕು ಅನ್ನೋದು ಅವರ ಆಸೆ. ಮೊದಲು ಮೂರನೇ ಅಧ್ಯಾಯ ಮಾಡಿಕೊಡಿ, ಸರಿ ಬಂದರೆ ಉಳಿದದ್ದು ಅಂದರು. ಪದಗಳ ಗೊಂದಲ ಪೂರ್ತಿ ಆ ಅಧ್ಯಾಯದಲ್ಲೇ ಇತ್ತು, ಅದು ನನಗೆ ಆಮೇಲೆ ಗೊತ್ತಾಯಿತು.

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಅಲ್ಲೇ ಮೊದಲು ಎಡವಿದ್ದು. ಪದಕ್ಕೆ 1 ರೂಪಾಯಿ 20 ಪೈಸೆ ಅಂತ ಒಪ್ಪಿಕೊಂಡೆ, ಯಾವ ಭಾಷೆಯ ಪದ ಅಂತ ಕೇಳಲಿಲ್ಲ. ಇಂಗ್ಲಿಷ್‌ನಲ್ಲಿ ಅಧ್ಯಾಯ 11 ಸಾವಿರ ಪದದಷ್ಟಿತ್ತು. ನಮ್ಮಲ್ಲಿ ವಿಭಕ್ತಿಯೆಲ್ಲ ಪದಕ್ಕೇ ಅಂಟುವುದರಿಂದ ಕನ್ನಡದಲ್ಲಿ ಅದು ಏಳೂವರೆ ಸಾವಿರಕ್ಕೆ ಇಳಿಯಿತು. ಅವರು ಎಣಿಸಿದ್ದು ಕನ್ನಡದ್ದು. ನಾಲ್ಕು ಸಾವಿರ ರೂಪಾಯಿ ಸುಮ್ನೆ ಹೋಯಿತು. ಈಗ ಮೂಲದ ಪದ ಎಣಿಸಿಯೇ ದರ ಹೇಳುತ್ತೇನೆ.

ಶುರುವಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೊದಲು ಪದಪಟ್ಟಿ, ಆಮೇಲೆ ಅನುವಾದ. ಒಂಬತ್ತು ದಿನ ಕೂತು ಸುಮಾರು 400 ಪದ ಬರೆದಿಟ್ಟೆ. ಕೆಲಸ ಮುಗಿದ ಮೇಲೆ ನೋಡಿದರೆ ಅದರಲ್ಲಿ ಅಧ್ಯಾಯಕ್ಕೆ ಬಂದದ್ದು 130 ಇರಬಹುದು, ಬದಲಾಗದೆ ಉಳಿದದ್ದು 40ಕ್ಕಿಂತ ಕಡಿಮೆ. ವಾಕ್ಯದೊಳಗೆ ಕೂರಿಸಿ ನೋಡದೆ ಪದ ಕಟ್ಟುವುದು ಅಳತೆ ತಗೊಳ್ಳದೆ ಅಂಗಿ ಹೊಲಿದ ಹಾಗೆ.

ನೆಲದಡಿ ನೀರು ತುಂಬಿರುವ ಪದರಕ್ಕೆ ಇಂಗ್ಲಿಷ್‌ನಲ್ಲಿ ಅಕ್ವಿಫರ್ ಅನ್ನುತ್ತಾರೆ, ಆ ಪದದಲ್ಲಿ ಏನಾಯಿತು ನೋಡಿ. ಲ್ಯಾಟಿನ್‌ನಲ್ಲಿ ನೀರು ಹೊರುವುದು ಅಂತ ಅರ್ಥ. ನಾನು ಹೆಮ್ಮೆಯಿಂದ 'ಜಲಧರ' ಅಂತ ಹಾಕಿದೆ. ಇಪ್ಪತ್ತು ಪುಟ ಆದ ಮೇಲೆ ಹಳಗನ್ನಡ ಪಾಠ ಮಾಡುವ ಗೆಳೆಯ ಓದಿ ನಕ್ಕುಬಿಟ್ಟ. ಜಲಧರ ಅಂದರೆ ಮೋಡ ಅಲ್ವಾ! ನಾನು ಬೀದರಿನ ಕೆಂಪುಕಲ್ಲಿನ ಕೆಳಗೆ ನಲವತ್ತು ಅಡಿ ಆಳದಲ್ಲಿ ಮೋಡ ಕೂರಿಸಿದ್ದೆ.

ಸರಿ, ತೆಗೆದು 'ಒರತೆ' ಮಾಡೋಣ ಅಂತ ಫೈಂಡ್ ಅಂಡ್ ರಿಪ್ಲೇಸ್ ಹೊಡೆದೆ. ಒಂದೇ ಏಟಿಗೆ 140 ಕಡೆ ಬದಲಾಯಿತು. ಜಲಧರದಲ್ಲಿ ಹೋಗಿ 'ಒರತೆದಲ್ಲಿ', ಜಲಧರಕ್ಕೆ ಹೋಗಿ 'ಒರತೆಕ್ಕೆ'. ಅಕಾರದಲ್ಲಿ ಮುಗಿಯುವ ಪದಕ್ಕೆ ದಲ್ಲಿ, ಕ್ಕೆ ಬರುತ್ತವೆ, ಎಕಾರಕ್ಕೆ ಯಲ್ಲಿ, ಗೆ. ಇದು ಮಕ್ಕಳಿಗೂ ಗೊತ್ತು, ಆದರೆ ರಾತ್ರಿ ಹನ್ನೊಂದಕ್ಕೆ ಬಟನ್ ಒತ್ತುವವನಿಗೆ ನೆನಪಿರಲ್ಲ. ಕೈಯಿಂದ ತಿದ್ದಲು ಒಂದೂವರೆ ದಿನ ಬೇಕಾಯಿತು. ಅಷ್ಟಾದ ಮೇಲೂ ಒರತೆ ನಿಲ್ಲಲಿಲ್ಲ, ಒರತೆ ಅಂದರೆ ನೀರು ಒಸರಿ ಹೊರಬರುವ ಜಾಗ, ನೀರು ತುಂಬಿರುವ ಪದರ ಅಲ್ಲ. ಕೊನೆಗೆ 'ನೀರುಪದರ' ಅಂತ ನಿಂತೆ.

ಆ ಒಂದೂವರೆ ದಿನದ ಸಿಟ್ಟಿನಲ್ಲಿ ಹುಟ್ಟಿದ್ದೇ ನನ್ನ ಪದ್ಧತಿ. ಹೊಸ ಪದ ಕಟ್ಟುವಾಗ ತಲೆ ಬೇಕಾದರೆ ಬದಲಾಗಲಿ, ಬಾಲ ಬದಲಾಗಬಾರದು. ಒಂದೇ ಜಾತಿಯ ಪರಿಭಾಷೆಗೆಲ್ಲ ಒಂದೇ ಬಾಲ. ಆಮೇಲೆ ಮುಂದಿನ ತುಂಡು ಮಾತ್ರ ಬದಲಿಸಿದರೆ ವಿಭಕ್ತಿ ಕೆಡುವುದಿಲ್ಲ.

ಇದು ಪರೀಕ್ಷೆಗೆ ಬಿದ್ದದ್ದು ಒಂದು ವಾಕ್ಯದಲ್ಲಿ. ಬೀದರಿನ ಮೇಲ್ಭಾಗದಲ್ಲಿ ಜಂಬಿಟ್ಟಿಗೆ ಕಲ್ಲಿನ ಹೊದಿಕೆ ಇದೆ, ಅದರ ಕೆಳಗೆ ಮೆತ್ತನೆಯ ಜೇಡಿ, ಅದರ ಕೆಳಗೆ ಕರಿಕಲ್ಲು. ಆ ಜೇಡಿಯ ಬಗ್ಗೆ ಥೀಸಿಸ್ ಹೇಳುವುದು ಇಷ್ಟು: ಪೊರಾಸಿಟಿ, ಅಂದರೆ ಒಳಗಿನ ಖಾಲಿ ಜಾಗ, ಹೆಚ್ಚು; ಸ್ಪೆಸಿಫಿಕ್ ಯೀಲ್ಡ್, ಅಂದರೆ ತಾನಾಗೇ ಇಳಿದು ಬರುವ ನೀರು, ಬಹಳ ಕಡಿಮೆ. ನಾನು ಮೊದಲು ಬರೆದದ್ದು ಹೀಗೆ: 'ಜೇಡಿಯು ಅಧಿಕ ಸರಂಧ್ರತೆಯನ್ನು ಹೊಂದಿದ್ದರೂ ಅದರ ವಿಶಿಷ್ಟ ಇಳುವರಿಯು ನಗಣ್ಯವಾಗಿದೆ.' ನೋಡಲಿಕ್ಕೆ ಗಂಭೀರವಾಗಿಯೇ ಇತ್ತು. ನಮ್ಮ ಓಣಿಯಲ್ಲಿ ಹೊಲ ಇರುವ ಕಾಕಾ ಒಬ್ಬರಿಗೆ ಓದಿ ಹೇಳಿದೆ. ಅವರು ಕೇಳಿದ್ದು, "ಯಾವ ಬೆಳಿದ್ರೀ ಈ ಇಳುವರಿ? ತೊಗರಿದಾ, ಕಬ್ಬಿಂದಾ?" ಇಡೀ ಜಿಲ್ಲೆಗೆ ಇಳುವರಿ ಅಂದರೆ ಬೆಳೆಯದ್ದು. ನಾನು ಎಷ್ಟು ವಿಶಿಷ್ಟ ಅಂದರೂ ಅದು ಹೊಲದಿಂದ ಬಾವಿಗೆ ಇಳಿಯಲ್ಲ.

ಪದ ಸಿಕ್ಕಿದ್ದು ನೌಬಾದ ಕಡೆ. ಅಲ್ಲಿ ಹಳೆಯ ಸುರಂಗ ಬಾವಿ ಇದೆಯಲ್ಲ, ಜಂಬಿಟ್ಟಿಗೆಯೊಳಗೆ ಕೊರೆದು, ಮೇಲಿನಿಂದ ಸಾಲಾಗಿ ಗಾಳಿಗುಂಡಿ ಇಳಿಸಿದ್ದು, ಅದನ್ನು ನೋಡಿ ಬರುವಾಗ ಬಾವಿ ತೋಡುವ ಹಿರಿಯರೊಬ್ಬರು ಸಿಕ್ಕರು. ಜೇಡಿ ಹತ್ತಿದರೆ ಏನು ಮಾಡುತ್ತೀರಿ ಅಂದೆ. "ಆ ಮಣ್ಣು ನೀರು ಹಿಡಿತದ್ರಿ, ಬಿಡಂಗಿಲ್ಲ," ಅಂದರು. ಎರಡು ಪುಟದ ಥಿಯರಿ ಆ ಎರಡು ಕ್ರಿಯಾಪದದಲ್ಲಿತ್ತು. ಮನೆಗೆ ಬಂದವನೇ 'ಬಿಡುವಳಿ', 'ಹಿಡುವಳಿ' ಅಂತ ಬರೆದೆ. ಖುಷಿ ಒಂದು ಗಂಟೆ ಇತ್ತು. ಹಿಡುವಳಿ ಅಂದರೆ ರೈತನ ಜಮೀನು! ಸಣ್ಣ ಹಿಡುವಳಿದಾರರು ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ.

ಆಗ ಲೆಕ್ಕ ನೋಡಿದೆ. ಪೊರಾಸಿಟಿ, ಸ್ಪೆಸಿಫಿಕ್ ಯೀಲ್ಡ್, ಮಣ್ಣು ಬಿಡದೆ ಹಿಡಿದುಕೊಳ್ಳುವ ಸ್ಪೆಸಿಫಿಕ್ ರಿಟೆನ್ಷನ್, ಮೂರೂ ಬರೀ ಪಾಲುಗಳು. ನೂರು ಲೀಟರ್ ಜೇಡಿಯಲ್ಲಿ ಖಾಲಿ ಜಾಗ 45 ಲೀಟರ್ ಅಂತಿಟ್ಟುಕೊಳ್ಳಿ. ಅದು ತುಂಬ ನೀರು ನಿಂತು, ಆಮೇಲೆ ತಾನಾಗೇ ಇಳಿಯಲು ಬಿಟ್ಟರೆ ಮೂರು ಲೀಟರ್ ಬಂತು, 42 ಮಣ್ಣಿಗೇ ಅಂಟಿಕೊಂಡು ಉಳಿಯಿತು. ಹಾಗಾದರೆ ಬಾಲ 'ಪಾಲು'. ಖಾಲಿ ಜಾಗದ್ದು ಟೊಳ್ಳುಪಾಲು, ಇಳಿದು ಬಂದದ್ದು ಬಿಡುಪಾಲು, ಉಳಿದದ್ದು ಉಳಿಪಾಲು.

```
n = Sy + Sr
ಟೊಳ್ಳುಪಾಲು = ಬಿಡುಪಾಲು + ಉಳಿಪಾಲು
```

ಸೂತ್ರದಲ್ಲಿ ಇಟ್ಟು ಓದಿದಾಗ ಪದಗಳೇ ಕೂಡಿಕೊಂಡವು. 'ಸರಂಧ್ರತೆ ಸಮ ವಿಶಿಷ್ಟ ಇಳುವರಿ ಕೂಡಿಸು ವಿಶಿಷ್ಟ ಧಾರಣ' ಅಂತ ಓದಿ ನೋಡಿ, ಯಾವುದು ಯಾವುದರ ಭಾಗ ಅಂತ ತಿಳಿಯುತ್ತಾ? ವಾಕ್ಯ ಈಗ ಹೀಗಾಯಿತು: 'ಈ ಜೇಡಿಯ ಟೊಳ್ಳುಪಾಲು ಜಾಸ್ತಿ, ಆದರೆ ಬಿಡುಪಾಲು ತೀರಾ ಕಡಿಮೆ. ನೀರು ಬಹುಪಾಲು ಅಲ್ಲೇ ಉಳಿದುಬಿಡುತ್ತದೆ.' ಕಾಕಾಗೆ ಮತ್ತೆ ಓದಿದೆ. "ಅಂದ್ರ ಅಲ್ಲಿತನಕ ತೋಡಿ ಬಿಟ್ರ ದಂಡ," ಅಂದರು. ಥೀಸಿಸ್‌ನ ಮುಂದಿನ ವಾಕ್ಯ ಅದೇ.

ಸಂಶೋಧಕರ ಗೈಡ್ ಮಾತ್ರ ಒಪ್ಪಲಿಲ್ಲ. ಟೊಳ್ಳು ಅನ್ನೋದು ಬೈಗುಳದ ಹಾಗಿದೆ, ಕೋಶದಲ್ಲಿರುವ ಪದ ಹಾಕಿ ಅಂದರು. ನಾನು ವಾದ ಮಾಡಲಿಲ್ಲ. ಒಂದು ಪ್ಯಾರಾವನ್ನು ಎರಡೂ ರೀತಿಯಲ್ಲಿ ಬರೆದು, ಬಿಎಸ್ಸಿ ಓದುವ ಆರು ಹುಡುಗರಿಗೆ ಕೊಟ್ಟು, ಓದಿದ್ದನ್ನು ಪುಸ್ತಕ ಮುಚ್ಚಿ ಹೇಳಲು ಕೇಳಿದೆ. ಸರಂಧ್ರತೆಯ ಪ್ಯಾರಾ ಓದಿದ ಮೂವರಲ್ಲಿ ಇಬ್ಬರು, ಜೇಡಿಯಲ್ಲಿ ರಂಧ್ರ ಜಾಸ್ತಿ, ಅದಕ್ಕೇ ನೀರು ಚೆನ್ನಾಗಿ ಬರುತ್ತದೆ ಅಂದರು. ಪೂರಾ ಉಲ್ಟಾ. ಆರು ಜನ ಏನೂ ಸಾಕ್ಷಿ ಅಲ್ಲ, ಗೊತ್ತು. ಆದರೂ ಗೈಡ್ ಸುಮ್ಮನಾದರು.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ನೀರಿನ ಬುಗ್ಗೆ ಅನ್ನುವ ಅರ್ಥದ ಸ್ಪ್ರಿಂಗ್‌ಗೆ ನಮ್ಮ ಕಡೆಯ 'ಝರಾ' ಹಾಕೋಣ ಅಂತ. ಝರಣಿ ನರಸಿಂಹನ ಊರಲ್ಲಿ ಅದನ್ನು ಯಾರಿಗೂ ವಿವರಿಸಬೇಕಿಲ್ಲ. ಮೈಸೂರಿನ ಸ್ನೇಹಿತರೊಬ್ಬರು ಓದಿ ಮುದ್ರಣದೋಷ ಅಂದುಕೊಂಡು 'ಜರ' ಅಂತ ತಿದ್ದಿ ಕಳಿಸಿದರು. ಬಿಟ್ಟೆ. ನನಗೆ ಈಗಲೂ ಬೇಜಾರಿದೆ.

ಇನ್ನು ಬರೆದಿಡುವ ಕೆಲಸ. ನಾನು ಅನುವಾದ ಮಾಡುವುದು OmegaT ಅನ್ನುವ ಅನುವಾದದ ಸಾಫ್ಟ್‌ವೇರ್ ಒಳಗೆ, ಹಾಗಾಗಿ ಪದಗಳು ಅದರ `glossary.txt` ಒಳಗೇ ಹೋಗುತ್ತವೆ, ನಡುವೆ ಟ್ಯಾಬ್ ಹಾಕಿ ಮೂರು ಕಾಲಂ. ಮೊದಲೆರಡು ಎಲ್ಲರಿಗೂ ಗೊತ್ತು. ನನ್ನ ಜೀವ ಇರುವುದು ಮೂರನೆಯದರಲ್ಲಿ.

```
porosity	ಟೊಳ್ಳುಪಾಲು	ಬೆಂದಿದೆ | ಪಾಲಿನ, ಪಾಲಿಗೆ | ಸತ್ತದ್ದು: ಸರಂಧ್ರತೆ
specific yield	ಬಿಡುಪಾಲು	ಬೆಂದಿದೆ | ಸತ್ತದ್ದು: ಇಳುವರಿ (ಬೆಳೆ)
permeability	ಪರ್ಮಿಯೆಬಿಲಿಟಿ	ಹಸಿ | ಹಾಯಿಕೆ? (ನೀರಾವರಿ ಅರ್ಥ)
```

ಹಸಿ ಅಂದರೆ ಇನ್ನೂ ಬದಲಾಗಬಹುದು. ಬೆಂದಿದೆ ಅಂದರೆ ಕನಿಷ್ಠ ಐದು ಬೇರೆ ಬೇರೆ ವಾಕ್ಯದಲ್ಲಿ ಕೂತಿದೆ, ಒಬ್ಬ ಹೊರಗಿನವರು ಕೇಳಿ ಸರಿಯಾಗಿ ತಿರುಗಿ ಹೇಳಿದ್ದಾರೆ. ಸತ್ತ ಪದವನ್ನು ಕಾರಣದ ಜೊತೆ ಇಡುವುದು ಮುಖ್ಯ, ಇಲ್ಲದಿದ್ದರೆ ಮೂರು ತಿಂಗಳ ನಂತರ ಅದೇ ಪದ ಹೊಸದಾಗಿ ಹೊಳೆದು ನಾವೇ ಬೆನ್ನು ತಟ್ಟಿಕೊಳ್ಳುತ್ತೇವೆ. ನಾನು ಜಲಧರವನ್ನು ಎರಡು ಸಲ ಕಂಡುಹಿಡಿದಿದ್ದೇನೆ. ಇನ್ನೊಂದು ಗುರುತೂ ಹಾಕುತ್ತೇನೆ, ಯಾವ ಪದವನ್ನು ಯಾವಾಗ ಇಂಗ್ಲಿಷ್‌ನಲ್ಲೇ ಬಿಡಬೇಕು ಅಂತ ಅದು ಹೇಳುತ್ತದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಅಧ್ಯಾಯ ಕೊಡುವ ಮುಂಚೆ ಸತ್ತ ಪದಗಳನ್ನೆಲ್ಲ ಒಂದೊಂದಾಗಿ ಹುಡುಕುತ್ತೇನೆ. ಉಕಾರದಲ್ಲಿ ಮುಗಿಯುವ ಪದವನ್ನು ಪೂರ್ತಿ ಕೊಟ್ಟರೆ ಎಲ್ಲ ಸಿಗಲ್ಲ, ಕೊನೆಯ ಸ್ವರ ಬಿಟ್ಟು ಕೊಡಬೇಕು. 'ಇಳುವರಿ' ಹಾಗೇ ಸಿಗುತ್ತದೆ, ಆದರೆ 'ಬಿಡುಪಾಲು' ಅಂತ ಹುಡುಕಿದರೆ 'ಬಿಡುಪಾಲಿನ' ತಪ್ಪಿಹೋಗುತ್ತದೆ, 'ಬಿಡುಪಾಲ' ಅಂದರೆ ಎರಡೂ ಬರುತ್ತವೆ. ಇದು ಯೂನಿಕೋಡ್‌ನಲ್ಲಿ ಮಾತ್ರ ನಡೆಯುತ್ತದೆ. ಡಿಟಿಪಿ ಹುಡುಗ ಹಳೆ ಫಾಂಟಿಗೆ ಇಳಿಸಿದ ಮೇಲೆ ಲು, ಲಿ ಬೇರೆ ಬೇರೆ ಅಚ್ಚುಗಳಾಗಿಬಿಡುತ್ತವೆ, ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಇದನ್ನು ತಿಳಿಯದೆ ಪುಟಕ್ಕೆ 30 ರೂಪಾಯಿಯಂತೆ ಎರಡು ಸಲ ಪುಟ ಕಟ್ಟಿಸಿದೆ. ಹಾಗೇ 'ಟೊಳ್ಳು ಪಾಲು' ಅಂತ ನಡುವೆ ಜಾಗ ಬಿಟ್ಟ ಏಳೆಂಟು ಕಡೆ ಉಳಿದುಕೊಂಡಿದ್ದವು, ಈಗ ಅದನ್ನೂ ಸತ್ತವರ ಪಟ್ಟಿಯಲ್ಲಿ ಹಾಕಿದ್ದೇನೆ.

ಮೂರನೇ ಅಧ್ಯಾಯಕ್ಕೆ ಐದು ವಾರ ಹಿಡಿಯಿತು. ಹೆಚ್ಚು ಕಡಿಮೆ ಅಷ್ಟೇ ಉದ್ದದ ನಾಲ್ಕನೆಯದು ಹನ್ನೆರಡೋ ಹದಿಮೂರೋ ದಿನದಲ್ಲಿ ಮುಗಿಯಿತು, ಹೊಸ ಪದ ಹನ್ನೊಂದೇ ಬೇಕಾದವು. ಇಷ್ಟೊಂದು ಬರೆದಿಟ್ಟುಕೊಂಡು ಯಾವಾಗ ಅನುವಾದ ಮಾಡ್ತೀರಿ ಅಂತ ಕೇಳಿದ್ದ ಸಹ-ಅನುವಾದಕರು ಮೊನ್ನೆ ಆ ಫೈಲ್ ಕೇಳಿದರು. ಕೊಟ್ಟೆ, ಆ ಗುರುತು ಅಳಿಸಿ.

ಐದನೇ ಅಧ್ಯಾಯ ಈಗ ತೆರೆದಿದ್ದೇನೆ. ಅದು ಕರಿಕಲ್ಲಿನ ಬಗ್ಗೆ. ಅಲ್ಲಿ ನೀರು ಜಾಸ್ತಿ ಇರುವುದು ಬಿರುಕಿನಲ್ಲಿ, ಪದರ ಅಂದರೆ ಓದುವವರು ಚಾಪೆಯ ಹಾಗೆ ಹಾಸಿದ ನೀರನ್ನು ನೆನೆಯುತ್ತಾರೆ. ನಿನ್ನೆ ರಾತ್ರಿ 'ನೀರುಪದರ'ದ ಮುಂದಿದ್ದ 'ಬೆಂದಿದೆ' ಅಳಿಸಿ 'ಹಸಿ' ಅಂತ ಬರೆದೆ.