ಮೇಷ್ಟ್ರು ಬರೆದ ಶಿಫಾರಸು ಪತ್ರವನ್ನು ಇಂಗ್ಲಿಷಿಗೆ ತಂದ ನನ್ನ ಅನುಭವ

ಐರ್ಲೆಂಡ್‌ನ ಒಂದು ವಿಶ್ವವಿದ್ಯಾಲಯಕ್ಕೆ ಪರಿಸರ ವಿಜ್ಞಾನದ ಪದವಿಗೆ ಅರ್ಜಿ ಹಾಕಿದ್ದ ಹುಡುಗಿಯೊಬ್ಬಳಿಗೆ ಅವಳ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಕನ್ನಡದಲ್ಲಿ ಒಂದು ಪ್ಯಾರಾ ಬರೆದುಕೊಟ್ಟಿದ್ದರು. ಅದನ್ನು ಅನುವಾದ ಮಾಡೋ ಕೆಲಸ ನನಗೆ ಬಂತು. ಪ್ಯಾರಾ ಹೀಗಿತ್ತು:

"ಇವರು ನಮ್ಮ ಶಾಲೆಯಲ್ಲಿ 8ರಿಂದ 10ನೇ ತರಗತಿವರೆಗೆ ವ್ಯಾಸಂಗ ಮಾಡಿರುತ್ತಾರೆ. ಗುರುಹಿರಿಯರಲ್ಲಿ ಭಯಭಕ್ತಿ ಉಳ್ಳವರು, ಓದಿನಲ್ಲಿ ಚುರುಕು. ಇವರ ಗುಣನಡತೆ ತೃಪ್ತಿಕರವಾಗಿರುತ್ತದೆ. ಇವರ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇನೆ."

ನಮ್ಮಲ್ಲಿ ಇದು ಒಳ್ಳೆಯ ಪತ್ರ. ಆದರೆ 'ತೃಪ್ತಿಕರ' ಅನ್ನೋದನ್ನು ಹಾಗೇ 'ಸ್ಯಾಟಿಸ್‌ಫ್ಯಾಕ್ಟರಿ' ಅಂತ ಬರೆದರೆ ಅಲ್ಲಿ ಓದುವವರಿಗೆ 'ಪರವಾಗಿಲ್ಲ, ಸುಮಾರಾಗಿದ್ದಾಳೆ' ಅಂತ ಕೇಳಿಸತ್ತೆ. ಟಿಸಿಯಲ್ಲಿ ಎಲ್ಲರಿಗೂ ಬರೆಯೋ ಮಾತು ಅದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗಂತ ನಾನೇ ಅದನ್ನು 'ಎಕ್ಸಲೆಂಟ್' ಮಾಡೋ ಹಾಗಿಲ್ಲ. ಪತ್ರ ಮೇಷ್ಟ್ರದ್ದು. ಹುಡುಗಿಯ ತಂದೆ "ಸ್ವಲ್ಪ ಜೋರಾಗಿ ಬರೆದುಬಿಡಿ ಸರ್, ಮೇಷ್ಟ್ರು ಏನೂ ಅಂದ್ಕೊಳ್ಳಲ್ಲ" ಅಂದರು. ಆಗಲ್ಲ ಅಂದೆ. ಮೂಲ ಕನ್ನಡ ಪತ್ರವೂ ಜೊತೆಗೆ ಹೋಗತ್ತೆ, ಕನ್ನಡ ಬಲ್ಲವರು ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅನುಮಾನ ಬರೋದು ಹುಡುಗಿಯ ಮೇಲೇ ಅಲ್ವಾ?

ಇನ್ನೂ ದೊಡ್ಡ ತೊಂದರೆ ಬೇರೆ ಇತ್ತು. ಅಲ್ಲಿ ಕೇಳೋದು, ಈ ವಿದ್ಯಾರ್ಥಿ ನಿಮಗೆ ಹೇಗೆ ಗೊತ್ತು, ಎಷ್ಟು ವರ್ಷ ಗೊತ್ತು, ಓದಿನಲ್ಲಿ ಏನು ಮಾಡಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ ಅಂತ. ಈ ಪ್ಯಾರಾದಲ್ಲಿ ಅದು ಯಾವುದೂ ಇಲ್ಲ. ಇದನ್ನು ಯಾರ ಹೆಸರಿಗೆ ಬೇಕಾದರೂ ಕೊಡಬಹುದು. ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಇದು ಸರಿಹೋಗೋದಲ್ಲ.

ಹಾಗಾಗಿ ಮೇಷ್ಟ್ರಿಗೇ ಫೋನ್ ಮಾಡಿದೆ. ಇಲ್ಲಿ ಒಂದು ಎಚ್ಚರ ಬೇಕು. "ಅವಳು ತುಂಬಾ ಸ್ವತಂತ್ರವಾಗಿ ಯೋಚಿಸ್ತಿದ್ಲಾ?" ಅಂತ ಕೇಳಿದರೆ ಅವರು ಹೌದು ಅಂತಾರೆ, ಅಷ್ಟೇ. ನಾನು ಕೇಳಿದ್ದು, "ಆ ಹುಡುಗಿ ಅಂದ್ರೆ ನಿಮಗೆ ಮೊದಲು ಏನು ನೆನಪಾಗತ್ತೆ ಮೇಷ್ಟ್ರೇ?"

"ಮಳೆ ಬಾಟಲಿ" ಅಂದರು. ಒಂಬತ್ತನೇ ಕ್ಲಾಸಿನಲ್ಲಿ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಕೂರಿಸಿ ಮಳೆ ಅಳೆಯೋದನ್ನು ಎಲ್ಲರಿಗೂ ಮಾಡಿಸಿದ್ದರಂತೆ. ಉಳಿದವರು ವಾರಕ್ಕೇ ಬಿಟ್ಟರು. ಇವಳು ಮಳೆಗಾಲ ಪೂರ್ತಿ ದಿನಾ ಬೆಳಿಗ್ಗೆ ಅಳತೆ ಬರೆದಿಟ್ಟಳು. ಪೇಪರಿನಲ್ಲಿ ಬರೋ ತಾಲ್ಲೂಕಿನ ಲೆಕ್ಕಕ್ಕಿಂತ ತನ್ನದು ಯಾವಾಗಲೂ ಕಡಿಮೆ ಬರತ್ತೆ ಅಂತ ಗಮನಿಸಿ, ಬಾಟಲಿ ಬೇವಿನ ಮರದ ಕೆಳಗಿದೆ, ಎಲೆಗಳೇ ಮಳೆ ತಡೀತಿವೆ ಅಂತ ತಾನೇ ಊಹಿಸಿ, ಇನ್ನೊಂದು ಬಾಟಲಿಯನ್ನು ಬಯಲಲ್ಲಿಟ್ಟು ಎರಡನ್ನೂ ಹೋಲಿಸಿದಳು. "ನಾನು ಹೇಳಿಕೊಟ್ಟಿದ್ದಲ್ಲ ನೋಡಿ, ಬುಕ್ಕು ತಂದು ತೋರಿಸಿದ ಮೇಲೇ ನನಗೂ ಗೊತ್ತಾಗಿದ್ದು."

ಪರಿಸರ ವಿಜ್ಞಾನ ಓದೋಕೆ ಹೊರಟವಳಿಗೆ ಇದಕ್ಕಿಂತ ಒಳ್ಳೆ ಶಿಫಾರಸು ಬೇಕಾ! ಆದರೆ ಫೋನಲ್ಲಿ ಕೇಳಿದ್ದನ್ನು ನಾನು ಅನುವಾದದಲ್ಲಿ ಸೇರಿಸೋಕೆ ಬರಲ್ಲ. "ಇದನ್ನೇ, ನೀವು ಈಗ ಹೇಳಿದ ಹಾಗೇ, ಕನ್ನಡದಲ್ಲಿ ಬರೆದು ಸಹಿ ಮಾಡಿ, ಮೊಹರು ಹಾಕಿಸಿ ಕೊಡಿ" ಅಂತ ಕೇಳಿಕೊಂಡೆ. 'ತೃಪ್ತಿಕರ'ದ ವಿಷಯವನ್ನೂ ಹೇಳಿದೆ. ಹೊಸ ಪತ್ರದಲ್ಲಿ ಅವರೇ ಅದನ್ನು "ಮೂರು ವರ್ಷದಲ್ಲಿ ಒಮ್ಮೆಯೂ ಇವರ ಬಗ್ಗೆ ದೂರು ಬಂದಿಲ್ಲ" ಅಂತ ಬದಲಾಯಿಸಿದ್ದರು. ಎಷ್ಟು ಗಟ್ಟಿ ಮಾತು!

ಆಮೇಲೆ ಅನುವಾದ ಸಲೀಸು. 'ಇವರು' ಅನ್ನೋದರಲ್ಲಿ ಗಂಡೋ ಹೆಣ್ಣೋ ತಿಳಿಯಲ್ಲ, ಇಂಗ್ಲಿಷಿನಲ್ಲಿ ಹೇಳಲೇಬೇಕು. ಆದ್ದರಿಂದ 'ಶೀ' ಅಂತ ಬರೆದೆ. ಪಾಸ್‌ಪೋರ್ಟ್ ಪ್ರತಿ ತರಿಸಿಕೊಂಡು ಹೆಸರಿನ ಅಕ್ಷರ, ಇನಿಷಿಯಲ್ ಎಲ್ಲವನ್ನೂ ಅದಕ್ಕೇ ಹೊಂದಿಸಿದೆ. 'ಹೈಸ್ಕೂಲ್' ಅಂದರೆ ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ, ಹಾಗಾಗಿ 8, 9, 10ನೇ ತರಗತಿ ಅಂತ ಬಿಡಿಸಿ ಬರೆದೆ. ಎಸ್ಸೆಸ್ಸೆಲ್ಸಿ ಅಂಕವನ್ನು ಮೇಷ್ಟ್ರು ಬರೆದಂತೆ 625ಕ್ಕೆ ಇಷ್ಟು ಅಂತಲೇ ಬಿಟ್ಟೆ. ಅದನ್ನು ಅಲ್ಲಿನ ಗ್ರೇಡಿಗೆ ಬದಲಾಯಿಸೋದು ಅವರ ಕೆಲಸ, ನನ್ನದಲ್ಲ. ಮೇಷ್ಟ್ರ ವಾಕ್ಯಗಳು ಚಿಕ್ಕವು, ಇಂಗ್ಲಿಷಿನಲ್ಲೂ ಚಿಕ್ಕದಾಗೇ ಇಟ್ಟೆ. ಹಳ್ಳಿ ಶಾಲೆಯ ಮೇಷ್ಟ್ರು ವಕೀಲರ ಥರ ಮಾತಾಡಿದರೆ ಯಾರೂ ನಂಬಲ್ಲ.

ಕೊನೆಗೆ ಇಂಗ್ಲಿಷ್ ಪ್ರತಿಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಮೇಷ್ಟ್ರಿಗೆ ಓದಿ ಹೇಳಿದೆ. ಅವರು ಒಪ್ಪಿದ ಮೇಲೆ, ಇದು ಮೂಲಕ್ಕೆ ನಿಷ್ಠವಾದ ಪೂರ್ತಿ ಅನುವಾದ ಅಂತ ಕೆಳಗೆ ಬರೆದು ನನ್ನ ಹೆಸರು, ಸಹಿ, ತಾರೀಖು, ಫೋನ್ ನಂಬರ್ ಹಾಕಿದೆ. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆದೆ, ಇಲ್ಲದಿದ್ದರೆ ದಿನ ಯಾವುದು ತಿಂಗಳು ಯಾವುದು ಅಂತ ಗೊಂದಲ ಆಗತ್ತೆ. ಅಪ್‌ಲೋಡ್ ಲಿಂಕ್ ಬಂದಿದ್ದು ಮೇಷ್ಟ್ರ ಇಮೇಲಿಗೆ. ಎರಡೂ ಪ್ರತಿಗಳನ್ನು ಒಂದೇ ಪಿಡಿಎಫ್ ಮಾಡಿ ಕೊಟ್ಟೆ, ಶಾಲೆಯ ಕಂಪ್ಯೂಟರಿನಲ್ಲಿ ಕೂತು ಅವರೇ ಕಳಿಸಿದರು.